ತಾಂಬೂಲದ ತಟ್ಟೆಯಲ್ಲಿ ಹಲ್ಲಿಯ ಬಾಲ

ವೀಳ್ಯಶಾಸ್ತ್ರ ಮುಗಿಯುವವರೆಗೂ ತಲೆ ಎತ್ತಬಾರದು ಎಂದು ಹೇಳಿಯೇ ಅವ್ವ ನನ್ನನ್ನು ಚಾಪೆಯ ಮೇಲೆ ಕೂರಿಸಿದ್ದಳು. ತಲೆ ತಗ್ಗಿಸಿ ಕೂತ ಹೆಣ್ಣಿಗೆ ಕಾಣುವುದು ಕಾಲುಗಳು ಮಾತ್ರ. ನನಗದು ಕಷ್ಟವಾಗಲಿಲ್ಲ. ಮುಖ ನೋಡಿ ಮಾತಾಡುವುದೇ ನನಗೆ ಆಗದ ಕೆಲಸ. ಕಾಲ್ಬೆರಳು ನೋಡುವುದು ಚೆನ್ನಾಗಿ ಬರುತ್ತದೆ.

ಹುಡುಗ ಶಶಿಧರ್ ಹೆಬ್ಬೆರಳಿನಿಂದ ಚಾಪೆಯ ಅಂಚನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ. ಅವನ ತಾಯಿ ಅಂಕಮ್ಮನವರ ಕಾಲುಂಗುರ ಬಿಗಿಯಾಗಿ ಬೆರಳು ಊದಿತ್ತು. ಅವನ ಸೋದರಮಾವ ಹೊನ್ನಯ್ಯನವರ ಹಿಮ್ಮಡಿ ಬಿರುಕು ಬಿಟ್ಟಿತ್ತು, ಆದರೆ ಆ ಕಾಲುಗಳು ಕೂತಿದ್ದ ರೀತಿಯಲ್ಲೇ ಇಡೀ ಕಾರ್ಯ ತಮ್ಮ ಕೈಯಲ್ಲಿದೆ ಎಂಬುದು ಗೊತ್ತಾಗುತ್ತಿತ್ತು. ಅವರ ಪಕ್ಕದಲ್ಲಿ ಒಂದು ಬಟ್ಟೆಚೀಲ. ಅದರೊಳಗೆ ಪಂಚಾಂಗ.

ಈ ಹುಡುಗ ನನಗೆ ಬೇಕಾಗಿದ್ದ. ಹೆಣ್ಣು ನೋಡಲು ಬಸರಾಳಿನಿಂದ ಬಂದ ದಿನ ನಮ್ಮ ಜಗಲಿಯ ಮೇಲೆ ಒಂದು ಹಾವುರಾಣಿ ಹರಿದು ಬಂತು. ಗಂಡಸರೆಲ್ಲ ಕಾಲು ಮೇಲೆತ್ತಿ "ದೊಣ್ಣೆ ತನ್ನಿ, ದೊಣ್ಣೆ" ಎಂದು ಕೂಗಿದರು. ಶಶಿಧರ್ ಮಾತ್ರ ಕಾಫಿ ಲೋಟ ಹಿಡಿದುಕೊಂಡೇ, "ಅದ್ರ ಪಾಡ್ಗೆ ಅದು ಓಯ್ತದೆ, ಬುಡಿ" ಎಂದ. ಅದು ಅದರ ಪಾಡಿಗೆ ಹೋಯಿತು. ಮಂಡ್ಯದಲ್ಲಿ ಅವನಿಗೆ ಪಂಪ್‌ಸೆಟ್ ಮೋಟಾರು ಸುತ್ತುವ ಕೆಲಸ ಇದೆ, ಸ್ವಂತ ಮನೆ ಇದೆ ಎಂದೆಲ್ಲ ಅಪ್ಪ ಆಮೇಲೆ ವಿವರಿಸಿದರು. ನಾನು ಆಗಲೇ ಒಪ್ಪಿಯಾಗಿತ್ತು.

ನನ್ನ ವಿಷಯ ಮಾತ್ರ ಬೀಗರಿಗೆ ಪೂರ್ತಿ ಹೇಳಿರಲಿಲ್ಲ. "ಹುಡುಗಿ ಏನ್ ಮಾಡ್ತಾವ್ಳೆ?" ಎಂದಾಗ ಅವ್ವ "ಮನೆಗೆಲ್ಸ ಕಣಮ್ಮ" ಎಂದಿದ್ದಳು. ಅದು ಸುಳ್ಳಲ್ಲ. ಹತ್ತನೇ ತರಗತಿಗೆ ಓದು ನಿಂತ ಮೇಲೆ ನಾನು ಮನೆಯಲ್ಲೇ ಇರುವುದು. ಆದರೆ ಮನೆಯಲ್ಲಿ ಕೂತು ನಾನು ಮಾಡುವುದು ಬೇರೆಯೇ.

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಬೈಕ್ ರಿಪೇರಿ ಮಾಡುವ ಮಕ್ಸೂದಣ್ಣ ಹಾವು ಹಿಡಿಯುತ್ತಾರೆ. ಒಮ್ಮೆ ನಮ್ಮ ಕೊಟ್ಟಿಗೆಗೂ ಬಂದಿದ್ದರು. ಅಲ್ಲಿದ್ದದ್ದು ಹಾವಾಗಿರಲಿಲ್ಲ, ಹಾವುರಾಣಿ. ಬಂದ ಪೆಟ್ರೋಲು ದಂಡವಾಯಿತೆಂದು ಬೈಯದೆ, ಅದನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಿದರು. ಆಮೇಲೆ ನಾನು ಗೋಡೆ, ಬೇಲಿ, ಸೌದೆ ರಾಶಿಯನ್ನೆಲ್ಲ ನೋಡುತ್ತಾ ಕೂತೆ. ನೋಡುವುದಕ್ಕೆ ಯಾರೊಂದಿಗೂ ಮಾತಾಡಬೇಕಿಲ್ಲವಲ್ಲ. ಒಂದು ದಿನ ಮಕ್ಸೂದಣ್ಣ, "ನನ್ ಕೈ ಪೂರಾ ಗ್ರೀಸು ಕಣಮ್ಮ ಗಗನ, ಫೋನ್ ಮುಟ್ಟಕ್ಕಾಗಲ್ಲ. ಜನ ಕಳ್ಸೋ ಈ ಫೋಟೋಗೆಲ್ಲ ನೀನೇ ಉತ್ತರ ಕೊಡು" ಎಂದು ತಮ್ಮ ಹಾವಿನ ಸಹಾಯವಾಣಿಯ ನಂಬರನ್ನು ನನ್ನ ಫೋನಿಗೆ ಹಾಕಿಸಿದರು. ಹಾವಿದ್ದರೆ ಅವರಿಗೆ ತಿಳಿಸುತ್ತೇನೆ. ಉಳಿದದ್ದು ನನ್ನದು.

ಉಳಿದದ್ದೇ ಜಾಸ್ತಿ. ಹೊಗೆ ತುಂಬಿದ ಅಡುಗೆಮನೆಯ ಕಪ್ಪು ಚುಕ್ಕೆ ಕಳಿಸಿ "ಮೇಡಂ ಇದೇನು?" ಎನ್ನುತ್ತಾರೆ. ಬೇಲಿಯ ಓತಿಕ್ಯಾತ ಕಳಿಸಿ "ಮೊಸಳೆ ಮರಿನಾ?" ಎನ್ನುತ್ತಾರೆ. ಚೆನ್ನಾಗಿ ಜಜ್ಜಿ ಸಾಯಿಸಿದ ಮೇಲೆ ಫೋಟೋ ಹೊಡೆದು "ವಿಷ ಇದೆಯಾ ನೋಡಿ ಹೇಳಿ, ಇದ್ದರೆ ಹೊಡೆಯುತ್ತೇವೆ" ಎಂದು ಕೇಳಿದವರೂ ಇದ್ದಾರೆ. ಮದ್ದೂರಿನ ಒಬ್ಬಾಕೆ "ನಮ್ಮ ಅತ್ತೆಯ ಕಾಲ ಮೇಲೆ ಹಾವುರಾಣಿ ಹರಿದಿದೆ, ಇನ್ನೆಷ್ಟು ದಿನ?" ಎಂದು ಬರೆದಿದ್ದಳು. ಅದಕ್ಕೆ ವಿಷವೇ ಇಲ್ಲ, ನಿಮ್ಮ ಅತ್ತೆಗೆ ಏನೂ ಆಗುವುದಿಲ್ಲ ಎಂದು ಉತ್ತರಿಸಿದೆ. ಆಕೆ ಥ್ಯಾಂಕ್ಸ್ ಹೇಳಲಿಲ್ಲ.

ನಾನು ಎಲ್ಲರಿಗೂ ಕೇಳುವುದು ಒಂದೇ: ಬೆರಳು ಕಾಣುವಂತೆ ತೆಗೆಯಿರಿ, ಮೈಯ ಹುರುಪೆ ಕಾಣಬೇಕು, ಬಾಲ ಪೂರ್ತಿ ಬರಬೇಕು. ಬೆರಳು ಚಪ್ಪಟೆಯಾಗಿ, ತುದಿಯ ಕಡೆಗೆ ಮೆತ್ತೆ ಕಟ್ಟಿದಂತೆ ಅಗಲವಾಗಿದ್ದರೆ ಹಲ್ಲಿ. ಆ ಮೆತ್ತೆಯಿಂದಲೇ ಅದು ನುಣುಪು ಗೋಡೆಯಲ್ಲೂ ನಿಲ್ಲುವುದು. ಮೆತ್ತೆಯಿಲ್ಲದ ಉದ್ದ ಬೆರಳು, ಮೈಯೆಲ್ಲ ಚೂಪು ಚೂಪು ಒರಟು ಹುರುಪೆ, ಬೆನ್ನ ಮೇಲೆ ಗರಗಸದಂಥ ಮುಳ್ಳು, ಮೈಯ ಎರಡರಷ್ಟು ಉದ್ದದ ಬಾಲ ಇದ್ದರೆ ಓತಿಕ್ಯಾತ. ಕತ್ತೇ ಇಲ್ಲದ ಹಾಗೆ ಉರುಟು ಮೈ, ಗಿಡ್ಡ ಕಾಲು, ಮೀನಿನ ಹಾಗೆ ಮಿರುಗುವ ಹುರುಪೆ ಇದ್ದರೆ ಹಾವುರಾಣಿ. ಮೂರಕ್ಕೂ ವಿಷವಿಲ್ಲ. ಈ ಕೊನೆಯ ಮಾತನ್ನು ಮಾತ್ರ ಯಾರೂ ನಂಬುವುದಿಲ್ಲ.

ಹಲಗೂರು ಸುತ್ತಮುತ್ತ ಈ ನಂಬರಿನವಳಿಗೆ 'ಹಲ್ಲಿ ಮೇಡಂ' ಎಂದು ಹೆಸರು. ಯಾರೆಂದು ಗೊತ್ತಿಲ್ಲ. "ಗೊತ್ತಾಗದೂ ಬ್ಯಾಡ. ಹಲ್ಲಿ ಮೇಡಮ್ಮನ್ನ ಯಾರ್ ಮದ್ವೆ ಆದಾರು?" ಎಂದು ಅವ್ವ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಅದಕ್ಕೇ ವೀಳ್ಯಶಾಸ್ತ್ರದ ದಿನ ಫೋನಿನ ಸದ್ದು ತೆಗೆದು, ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಹೊದ್ದು ಕೂತಿದ್ದೆ.

ತಟ್ಟೆ ಬದಲಾಯಿಸುವ ಹೊತ್ತಿಗೆ ಕರೆಂಟು ಬಂತು. ಎಲ್ಲ ಆಗಿದ್ದು ಅದರಿಂದ. ಅಪ್ಪ ಥರ್ಮೋಕೋಲಿನಲ್ಲಿ ನಮ್ಮಿಬ್ಬರ ಹೆಸರು ಕೆತ್ತಿಸಿ, ಜಂತೆಗೆ ದಾರ ಕಟ್ಟಿ ತೂಗುಬಿಟ್ಟಿದ್ದರು. ಫ್ಯಾನು ತಿರುಗಿದ್ದೇ ದಾರ ಸುತ್ತಿಕೊಂಡಿತು. ಜಂತೆ ಜಗ್ಗಿ, ಹೆಂಚಿನ ಸಂದಿಯಿಂದ ಧೂಳು ಉದುರಿತು. ಹಿಂದೆಯೇ ಅಂಕಮ್ಮನವರು "ಅಯ್ಯಯ್ಯೋ, ತಲೆ ಮೇಲೆ ಏನೋ ಬಿತ್ತು!" ಎಂದು ಎದ್ದು ಕೈಯಿಂದ ತಲೆ ಕೊಡವಿಕೊಂಡರು. ತಾಂಬೂಲದ ತಟ್ಟೆಗೆ ಏನೋ ಬಿತ್ತು. ನಾನು ತಲೆ ಎತ್ತದೆಯೇ ನೋಡಿದೆ. ವೀಳ್ಯದೆಲೆಯ ಮೇಲೆ ಒಂದು ಬಾಲ ಒಂದೇ ಸಮನೆ ತಿರುಚಿಕೊಳ್ಳುತ್ತಿತ್ತು. ಬಾಲದ ಯಜಮಾನ ಇರಲಿಲ್ಲ.

"ಯಾರೂ ಕದಲ್ಬ್ಯಾಡಿ!" ಎಂದರು ಹೊನ್ನಯ್ಯ. ಚೀಲದಿಂದ ಪಂಚಾಂಗ ಹೊರಬಂತು. ಎಂಜಲು ಬೆರಳಿನಲ್ಲಿ ಹಾಳೆ ತಿರುವಿದರು. "ಹಲ್ಲಿ ಬಿದ್ದ ಪಲ. ಹೆಂಗಸ್ರು. ತಲೆ." ಅಷ್ಟು ಓದಿ ನಿಲ್ಲಿಸಿದರು.

"ಏನಂತೆ ಅಣ್ಣಯ್ಯ? ಯೋಳು ಮತ್ತೆ!" ಎಂದರು ಅಂಕಮ್ಮನವರು.

"ಮರಣಬಯ."

ಅಂಕಮ್ಮನವರು ಅಲ್ಲೇ ಕುಸಿದರು. "ಈ ಹುಡ್ಗಿ ಒಳಿಕ್ ಬರಕ್ಮುಂಚೆನೇ ನಾನ್ ಒಂಟೋಯ್ತೀನಿ ಅಂತಾಯ್ತು! ಎದ್ದೇಳಿ, ಎಲ್ಲಾ ಎದ್ದೇಳಿ. ಟೆಂಪೋ ತರ್ಸಿ."

ಚಾಪೆಯ ಅಂಚಿನಲ್ಲಿದ್ದ ಹೆಬ್ಬೆರಳು ಅಲುಗಾಡುವುದನ್ನು ನಿಲ್ಲಿಸಿತು.

ಅಪ್ಪ ಕೈ ಮುಗಿದರು. "ಬೀಗ್ರೇ, ಬೇರೆ ಏನೂ ದಾರಿ ಇಲ್ವಾ ಸಾಸ್ತ್ರದಲ್ಲಿ?"

ಕೇಳುವವರಿದ್ದರೆ ಹೊನ್ನಯ್ಯನವರಿಗೆ ಹುರುಪು. "ಸಾಸ್ತ್ರ ಅಂದ್ರೆ ಕರಾರುವಾಕ್ಕು, ನಾಗರಾಜು. ಇಲ್ಲಿ ಹಲ್ಲಿ ಅಂತ ಬರ್ದದೆ. ಹಲ್ಲಿ ಬಿದ್ರೆ ಈ ಪಲ. ಓತಿಕ್ಯಾತನಾದ್ರೆ ಲೆಕ್ಕ ಬೇರೆ. ಆವ್ರಾಣಿ ಆದ್ರೆ ಪಲವೇ ಇಲ್ಲ, ಅದು ಪಂಚಾಂಗದಲ್ಲೇ ಇಲ್ಲ."

"ಅಂಗಾದ್ರೆ ಇದು ಆವ್ರಾಣಿನೇ!" ಎಂದರು ಅಪ್ಪ ಒಂದೇ ಉಸಿರಿಗೆ. ನಮ್ಮ ಕಡೆಯವರೆಲ್ಲ ಆವ್ರಾಣಿ, ಆವ್ರಾಣಿ ಎಂದು ತಲೆಯಾಡಿಸಿದರು. ಅಪ್ಪನ ಕಡೆಯ ಒಬ್ಬ ಅಜ್ಜ, ಕಣ್ಣು ಕಾಣದವರು, ತಾವೇ ಕಣ್ಣಾರೆ ಕಂಡೆ ಎಂದರು.

ಹೊನ್ನಯ್ಯನವರ ಮಗ ಜಯಪ್ರಕಾಶ್ ಫೋನ್ ಮೇಲೆತ್ತಿದ. "ಇರಿ ಇರಿ. ನಾನ್ ಫೋಟೋ ಹೊಡ್ದಿವ್ನಿ. ಬಿದ್ದಿದ್ದೇ ಗೋಡೆಗೆ ಅತ್ತಿತ್ತು. ಸುಮ್ನೆ ನಾವ್ನಾವೇ ಕಿತ್ತಾಡದ್ಯಾಕೆ? ಮಳವಳ್ಳಿಲಿ ಒಂದು ಸಹಾಯವಾಣಿ ಐತೆ. ಒಬ್ಳು ಮೇಡಮ್ಮು, ಭಾರಿ ಖಡಕ್ಕು. ಯಾರ್ ಮುಲಾಜೂ ನೋಡಕ್ಕಿಲ್ಲ. ಅವ್ಳು ಯೋಳ್ಳಿ."

"ಆಗ್ಲಿ" ಎಂದರು ಹೊನ್ನಯ್ಯ. "ಮೂರನೇವ್ರು ಯೋಳಿದ್ರೆ ತಕರಾರಿರಕ್ಕಿಲ್ಲ. ಅವ್ಳು ಯೋಳಿದ್ದೇ ಅಂತಿಮ."

ನನ್ನ ಸೊಂಟದಲ್ಲಿ ಫೋನು ಗುಂಯ್ ಎಂದಿತು.

ಅವ್ವ ನನ್ನ ಕಡೆ ನೋಡಿದಳು. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನ ಮಗಳು ಶಾಲಿನಿ ತನ್ನ ಸೆರಗನ್ನು ನನ್ನ ಕೈ ಮೇಲೆ ಹಾಸಿ, ಏನೂ ಗೊತ್ತಿಲ್ಲದವಳಂತೆ ಮೇಲೆ ಹೆಂಚು ನೋಡತೊಡಗಿದಳು. ಸೆರಗಿನಡಿ ಫೋನು ತೆರೆದೆ. ಸುಣ್ಣದ ಗೋಡೆ, ತಲೆ ಕೆಳಗಾಗಿ ನಿಂತ ಪ್ರಾಣಿ. ದೊಡ್ಡದು ಮಾಡಿ ಬೆರಳು ನೋಡಿದೆ. ಹಿಂಗಾಲು ಸ್ಪಷ್ಟವಾಗಿತ್ತು. ಐದು ಬೆರಳೂ ಚಪ್ಪಟೆಯಾಗಿ, ಅಗಲವಾಗಿ ಹರಡಿಕೊಂಡಿದ್ದವು. ಅನುಮಾನವೇ ಇಲ್ಲ.

ಅಪ್ಪ ನೀರು ಕುಡಿಯುವ ನೆವದಲ್ಲಿ ನನ್ನ ಬೆನ್ನ ಹಿಂದೆ ಬಗ್ಗಿದರು. "ಮಗಾ, ಆವ್ರಾಣಿ ಅಂತ ಒತ್ಬುಡು."

ಒತ್ತಿಬಿಡಬಹುದಿತ್ತು. ಆದರೆ ಅವ್ವ ಕೊಟ್ಟಿಗೆಗೆ ಹೋಗುವ ಮುಂಚೆ ನನ್ನನ್ನು ಕೇಳುತ್ತಾಳೆ. ಯಾರೋ ಬಸುರಿ ಹೆಂಗಸು ಬಚ್ಚಲಲ್ಲಿ ಏನೋ ಕಂಡು ನನ್ನ ಉತ್ತರ ಬರುವವರೆಗೂ ಹೊರಗೇ ನಿಂತಿರುತ್ತಾಳೆ. ಒಂದು ಸಲ ನನಗೆ ಬೇಕಾದ ಹಾಗೆ ಹೇಳಿದರೆ, ಅದಾದ ಮೇಲೆ ನಾನು ಹೇಳುವುದೂ ಕಣ್ಣು ಕಾಣದ ಅಜ್ಜ ಹೇಳುವುದೂ ಒಂದೇ ಆಗುತ್ತದೆ.

ಅಷ್ಟರಲ್ಲಿ ಇನ್ನೊಂದು ಕಂಡಿತು. ಆ ಫೋಟೋದ ಹಲ್ಲಿಗೆ ಬಾಲ ಪೂರ್ತಿ ಇತ್ತು. ಬುಡದಿಂದ ತುದಿಯವರೆಗೆ ಸಾಲು ಸಾಲು ಸಣ್ಣ ಮುಳ್ಳು, ಎಲ್ಲೂ ತುಂಡಾಗಿಲ್ಲ. ತಟ್ಟೆಯಲ್ಲೊಂದು ಬಾಲ ಬಿದ್ದಿರುವಾಗ ಇದು ಬಿದ್ದ ಪ್ರಾಣಿ ಹೇಗಾದೀತು? ಬರೆದೆ.

ಜಯಪ್ರಕಾಶ್ ಗಟ್ಟಿಯಾಗಿ ಓದಿದ: "'ಇದು ಹಲ್ಲಿ. ಬೆರಳಿನ ಮೆತ್ತೆ ನೋಡಿ. ಆದರೆ ಇದರ ಬಾಲ ಪೂರ್ತಿ ಇದೆ. ಬಾಲ ಕಳಚಿ ಬಿದ್ದದ್ದು ಇದಲ್ಲ, ಬೇರೆ.' ಲೇ, ನಾವು ಬಾಲದ ಇಚಾರನೇ ಯೋಳಿರ್ನಿಲ್ವಲ್ಲ? ಇವ್ಳಿಗೆಂಗ್ ಗೊತ್ತಾಯ್ತು?"

ನಾನು ಫೋನನ್ನು ಸೆರಗಿನೊಳಕ್ಕೆ ಇನ್ನಷ್ಟು ತಳ್ಳಿದೆ.

"ಅನುಬವ ಕಣ್ಲಾ" ಎಂದರು ಹೊನ್ನಯ್ಯ ಮೆಚ್ಚಿ. "ಅಂಗಿರ್ಬೇಕು ವಿದ್ಯೆ. ಆ ಬಾಲನೇ ಫೋಟೋ ತಗ್ದು ಕಳ್ಸು."

ಈಗ ತಟ್ಟೆಯ ಸುತ್ತ ಜನ ಮುಗಿಬಿದ್ದರು. ಬಾಲಕ್ಕೆ ಟಾರ್ಚ್ ಬಿಟ್ಟರು. ಬಾಲ ಕುಣಿದೂ ಕುಣಿದೂ ಸುಸ್ತಾಗಿ ಮಲಗಿತ್ತು. ನಮ್ಮ ಕಡೆಯವರು ಅದು ಮಿರುಗುತ್ತಿದೆ ನೋಡಿ, ಆವ್ರಾಣಿ ಎಂದರು. ಬೆಳಕು ಬಿಟ್ಟರೆ ಮಿರುಗದೆ ಇನ್ನೇನು ಎಂದು ಬೀಗರು. ಬೆಳಿಗ್ಗೆಯವರೆಗೂ ಹಲ್ಲಿಗೆ ಎಷ್ಟು ಬೆರಳು ಎಂದು ಗೊತ್ತಿಲ್ಲದಿದ್ದವರೆಲ್ಲ ಈಗ ಹುರುಪೆ, ಮೆತ್ತೆ, ಸಾಲು ಎಂದು ವಾದಿಸುತ್ತಿದ್ದರು. ಅಡುಗೆಯವರು ಸೌಟು ಹಿಡಿದೇ ಬಂದು ಅಭಿಪ್ರಾಯ ಹೇಳಿ ಹೋದರು.

ಫೋಟೋ ಬಂತು. ಮೀನಿನಂಥ ಹುರುಪೆಯಾಗಿದ್ದರೆ ನನ್ನಷ್ಟು ಖುಷಿ ಯಾರಿಗೂ ಆಗುತ್ತಿರಲಿಲ್ಲ. ಆದರೆ ಅಲ್ಲಿದ್ದದ್ದು ಮಾಸಲು ಬಣ್ಣ, ಕಾಳು ಕಾಳು ಚರ್ಮ, ಬಳೆ ಹಾಕಿದಂತೆ ಸುತ್ತ ಸಾಲುಗಟ್ಟಿದ ಮೊನೆಗಳು. ಒಮ್ಮೆ ಕಳೆದು ಮತ್ತೆ ಬೆಳೆದ ಬಾಲವೂ ಅಲ್ಲ. ಹಾಗಿದ್ದಿದ್ದರೆ ಈ ಸಾಲುಗಳು ಇರುತ್ತಿರಲಿಲ್ಲ.

"'ಬಾಲವೂ ಹಲ್ಲಿಯದೇ' ಅಂತವ್ಳೆ" ಎಂದು ಜಯಪ್ರಕಾಶ್ ಓದಿದ.

ಅವ್ವ ನನ್ನ ತೊಡೆ ಚಿವುಟಿದಳು. ಅಪ್ಪ ಚಾಪೆಯ ಮೇಲೆ ಕೂತುಬಿಟ್ಟರು. ಅಂಕಮ್ಮನವರು ತಮ್ಮ ಸಾವಿಗೆ ತಾವೇ ಅಳಲು ಶುರುಮಾಡಿದರು. ಹೊನ್ನಯ್ಯ ಪಂಚಾಂಗ ಮುಚ್ಚಿ ಚೀಲಕ್ಕೆ ಹಾಕಿದರು. ಮುಗಿಯಿತು.

ನನ್ನ ಕೈ ಮಾತ್ರ ಸುಮ್ಮನಿರಲಿಲ್ಲ. ಬಾಲ ತಟ್ಟೆಯಲ್ಲಿದೆ ಸರಿ, ಹಲ್ಲಿ ಎಲ್ಲಿ? ತಲೆಯ ಮೇಲೆ ಬಿದ್ದದ್ದು ಹಲ್ಲಿಯೋ, ಬರೀ ಬಾಲವೋ? ಬರೆದೆ: "ಬಾಲವಿಲ್ಲದ ಹಲ್ಲಿಯ ಫೋಟೋ ಬೇಕು. ಬಿದ್ದ ಹೊತ್ತಿನಲ್ಲಿ ಯಾರು ಯಾರು ಫೋಟೋ ತೆಗೆದಿದ್ದಾರೋ ಎಲ್ಲ ಕಳಿಸಿ."

ತಟ್ಟೆ ಬದಲಾಯಿಸುವ ಹೊತ್ತಲ್ಲವೇ, ಎಲ್ಲರ ಕೈಯಲ್ಲೂ ಫೋನಿತ್ತು. ಎಲ್ಲರೂ ಕಳಿಸಿದರು. ನನ್ನ ಸೊಂಟದಲ್ಲಿ ಗುಂಯ್ ಗುಂಯ್ ಎಂದು ಜೇನುಗೂಡೇ ಎದ್ದಂತಾಯಿತು. ಶಾಲಿನಿ ಜೋರಾಗಿ ಕೆಮ್ಮಿದಳು. ಅವ್ವ ಇನ್ನೂ ಜೋರಾಗಿ ಕೆಮ್ಮಿದಳು.

"ಮೇಡಮ್ಮು ಬೇಗ ನೋಡ್ತಿಲ್ಲ, ಫೋನ್ ಮಾಡೇಬುಡ್ತೀನಿ" ಎಂದು ಜಯಪ್ರಕಾಶ್ ಕರೆ ಒತ್ತಿದ.

ಗಡಿಬಿಡಿಯಲ್ಲಿ ನಾನು ಯಾವ ಗುಂಡಿ ಒತ್ತಿದೆನೋ, ಸೆರಗಿನ ಒಳಗಿಂದ ಜಯಪ್ರಕಾಶನ ದನಿಯೇ ಎದ್ದು ಬಂತು: "ಹಲೋ ಮೇಡಂ, ಬಸರಾಳಿಂದ ಮಾತಾಡ್ತಿರದು..."

ಜಯಪ್ರಕಾಶ್ ತನ್ನ ಫೋನನ್ನು ನೋಡಿದ, ನನ್ನ ಸೆರಗನ್ನು ನೋಡಿದ. "ಅಪ್ಪಾ" ಎಂದ. "ಹಲ್ಲಿ ಮೇಡಮ್ಮು... ಹುಡ್ಗಿನೇ."

"ಮೋಸ!" ಹೊನ್ನಯ್ಯ ಎದ್ದು ನಿಂತರು. "ಕೇಸು ಇವ್ರುದೇ, ಜಡ್ಜೂ ಇವ್ರುದೇ! ಏನ್ಲಾ ಇದು ನಾಗರಾಜು?"

"ನಿಮ್ ಮಗ್ನೇ ಅಲ್ವಾ ಕಳ್ಸಿದ್ದು" ಎಂದು ಅಪ್ಪ ಗೊಣಗಿದರು.

ಆಗ ಶಶಿಧರ್ ಬಾಯಿ ಬಿಟ್ಟ. "ಮಾವ, ಮೋಸ ಎಲ್ಲಾಯ್ತು? ಎರಡ್ ಸಲಾನೂ ಹಲ್ಲಿ ಅಂತಲೇ ಯೋಳವ್ರೆ. ಮೋಸ ಮಾಡದಿದ್ರೆ ಆವ್ರಾಣಿ ಅಂತಿದ್ರು."

ಹೊನ್ನಯ್ಯನವರು ತುಸು ಯೋಚಿಸಿದರು. ಅವರು ಯೋಚಿಸಿದರೆ ಕಷ್ಟ. "ಔದು. ಆವ್ರಾಣಿ ಅಂದಿದ್ರೆ ಮದ್ವೆ ಆಯ್ತಿತ್ತು. ಹಲ್ಲಿ ಅಂದ್ಳು. ಯಾಕಂದ್ಳು? ಈ ಹುಡ್ಗಿಗೆ ನೀನ್ ಬ್ಯಾಡ ಕಣ್ಲಾ, ಅದ್ಕೆ!"

ನಾನು ಅವ್ವ ಹೇಳಿದ್ದನ್ನು ಮರೆತು ತಲೆ ಎತ್ತಿದೆ. ಶಶಿಧರ್ ನನ್ನನ್ನೇ ನೋಡುತ್ತಿದ್ದ. ಮಾವನ ಮಾತನ್ನು ಅವನು ನಂಬಿರಲಿಲ್ಲ, ಪೂರ್ತಿ ನಂಬದೆಯೂ ಇರಲಿಲ್ಲ. "ಅಂಗಾ?" ಎಂದ ಮೆಲ್ಲಗೆ.

ಅಲ್ಲ ಎನ್ನಬೇಕಿತ್ತು. ಒಂದೇ ಮಾತು. ಅಷ್ಟು ಜನರ ಕಣ್ಣು ನನ್ನ ಮೇಲಿತ್ತು. ಬಾಯಿ ತೆರೆದೆ, ಬರೀ ಗಾಳಿ ಬಂತು. ಮತ್ತೆ ತಲೆ ತಗ್ಗಿಸಿದೆ. ತಗ್ಗಿಸಿದ್ದೇ ತಪ್ಪಾಯಿತು. "ನೋಡುದ್ಯಾ, ತಲೆ ತಗ್ಸುದ್ಳು" ಎಂದರು ಹೊನ್ನಯ್ಯ.

"ಅಕ್ಕಾ, ಅಕ್ಕಾ" ಎಂದು ಶಾಲಿನಿ ನನ್ನ ಕೈ ಅಲುಗಿಸಿದಳು. ಅವಳ ಫೋನು ಒಂದೇ ಗುಂಡಿಗೆ ಸಾಲು ಸಾಲು ಫೋಟೋ ಹೊಡೆಯುತ್ತದೆ. ಅದರಲ್ಲೊಂದನ್ನು ಎರಡು ಬೆರಳಿಂದ ಹಿಗ್ಗಿಸಿ ನನ್ನ ಮುಂದೆ ಹಿಡಿದಳು.

ಅಂಕಮ್ಮನವರು ಎದ್ದು ತಲೆ ಕೊಡವುತ್ತಿದ್ದಾರೆ. ಅವರ ಕೂದಲಲ್ಲಿ ಬಾಲ, ಬರೀ ಬಾಲ. ಪಕ್ಕದಲ್ಲಿ ಹೊನ್ನಯ್ಯ ಬಾಯಿ ತೆರೆದಿದ್ದಾರೆ. ಅವರ ಬೆಳ್ಳನೆ ರುಮಾಲಿನ ಮೇಲೆ, ನಡುನೆತ್ತಿಗೆ ಸರಿಯಾಗಿ, ಬಾಲವಿಲ್ಲದ ಹಲ್ಲಿಯೊಂದು ನಾಲ್ಕೂ ಕಾಲು ಚಾಚಿ ಕೂತಿದೆ. ಬಿಳಿ ಬಟ್ಟೆಯ ಮೇಲೆ ಒಂದೊಂದು ಬೆರಳೂ ಬರೆದಿಟ್ಟಂತೆ ಕಾಣುತ್ತಿತ್ತು. ಇಷ್ಟು ಚೆಂದದ ಫೋಟೋ ಸಹಾಯವಾಣಿಗೆ ಈವರೆಗೆ ಬಂದಿರಲಿಲ್ಲ.

ಫೋನು ಕೈಯಿಂದ ಕೈಗೆ ಹೋಯಿತು. ಕೊನೆಗೆ ಹೊನ್ನಯ್ಯನವರ ಕೈಗೆ ಬಂತು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ನೋಡಿದರು. ಮೆಲ್ಲಗೆ ಕೈ ರುಮಾಲಿಗೆ ಹೋಯಿತು.

"ಇದು ಆವ್ರಾಣಿ" ಎಂದರು.

"ಎಲ್ಲೈತೆ ಬೀಗ್ರೇ ಆವ್ರಾಣಿ?" ಅಪ್ಪನಿಗೆ ಜೀವ ಬಂದಿತ್ತು. "ಬೆರಳು ನೋಡಿ, ಮೆತ್ತೆ! ಹಲ್ಲಿ, ಅಪ್ಪಟ ಹಲ್ಲಿ!"

"ಯಾವ್ ಮೆತ್ತೆ? ಅದು ನೆಳ್ಳು. ಮೈ ಎಂಗ್ ಮಿರುಗ್ತದೆ ನೋಡು."

"ನೆಳ್ಳಾ? ಐದೂ ಬೆರಳು ಲೆಕ್ಕ ಮಾಡ್ಬೋದು! ಕಾಳ್ ಕಾಳ್ ಚರ್ಮ ಕಾಣ್ತಿಲ್ವಾ ನಿಮ್ಗೆ?"

ಇಬ್ಬರೂ ಒಬ್ಬರ ಜಾಗದಲ್ಲೊಬ್ಬರು ನಿಂತು, ಒಬ್ಬರ ಮಾತನ್ನೊಬ್ಬರು ಆಡತೊಡಗಿದ್ದರು. ನಮ್ಮ ಕಡೆಯವರು ಹಲ್ಲಿ ಹಲ್ಲಿ ಎಂದು ಕೂಗಿದರು. ಬೀಗರ ಕಡೆಯವರು ಆವ್ರಾಣಿ ಎಂದರು. ಕಣ್ಣು ಕಾಣದ ಅಜ್ಜ, ತಾವು ಮೊದಲಿಂದಲೂ ಹಲ್ಲಿ ಎಂದೇ ಹೇಳಿದ್ದಾಗಿ ಆಣೆ ಇಟ್ಟರು.

ಮೊದಲು ಎಚ್ಚೆತ್ತವಳು ಅವ್ವ. ಅಪ್ಪನ ಪಂಚೆ ಹಿಡಿದು ಎಳೆದಳು. "ಏನ್ ಬುದ್ಧಿ ನಿಮ್ದು? ಅವ್ರು ಆವ್ರಾಣಿ ಅಂದ್ರೆ ಮದ್ವೆ ಆಯ್ತದೆ. ಅನ್ನಿ ನೀವೂ!"

ಅಪ್ಪ ಬಾಯಿ ಮುಚ್ಚಿ, ತೆರೆದು, "ಈಗ ಸರಿಯಾಗ್ ನೋಡುದ್ರೆ ಬೀಗ್ರು ಯೋಳದೂ ಸರಿ ಅನ್ಸ್ತದೆ" ಎಂದರು.

"ನೋಡ್ರಪ್ಪಾ, ಇಬ್ರದೂ ಒಂದೇ ಮಾತಾಯ್ತು." ಹೊನ್ನಯ್ಯ ನನ್ನತ್ತ ತಿರುಗಿದರು. ದನಿ ಬೆಲ್ಲವಾಗಿತ್ತು. "ಮಗಾ, ಆಗ್ಲೇ ಏನೋ ಬಾಯ್ತಪ್ಪಿ ಅಂದೆ, ಬುಡು. ನೀನು ಮೇಡಮ್ಮಲ್ವಾ, ಆವ್ರಾಣಿ ಅಂತ ಒಂದ್ಮಾತು ಬರ್ದಾಕ್ಬುಡು. ಈಗ್ಲೇ ತಟ್ಟೆ ಬದ್ಲಾಯ್ಸನ. ನಿಂಗೂ ಮದ್ವೆ ಇಷ್ಟ ಅಂತ ಎಲ್ರಿಗೂ ಗೊತ್ತಾಯ್ತದೆ."

ಹಾವುರಾಣಿ ಎಂದರೆ ಮದುವೆ ಒಪ್ಪಿಗೆ. ಹಲ್ಲಿ ಎಂದರೆ ಹುಡುಗ ಬೇಡ. ಅಷ್ಟೂ ಜನ ಅದನ್ನು ಹಾಗೆಯೇ ಲೆಕ್ಕ ಹಾಕಿಕೊಂಡು ನನ್ನನ್ನು ನೋಡುತ್ತಿದ್ದರು. ಅವ್ವ ಕಣ್ಣಲ್ಲೇ ಕೈ ಮುಗಿದಳು. ಶಶಿಧರ್ ಮಾತ್ರ ಬರೆ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅದೇ ನನಗೆ ಧೈರ್ಯವಾಯಿತು.

ಬಾಯಲ್ಲಿ ಬರದಿದ್ದದ್ದು ಬೆರಳಲ್ಲಿ ಬಂತು. ಸಹಾಯವಾಣಿಯಲ್ಲಿ ನನಗೆಂದೂ ನಾಚಿಕೆಯಿಲ್ಲ. ಬರೆದು ಕಳಿಸಿದೆ. ಎದುರಿಗೇ ಕೂತಿದ್ದ ಜಯಪ್ರಕಾಶನ ಫೋನು ಸದ್ದು ಮಾಡಿತು. ಅವನು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದಿದ:

"'ಪ್ರಾಣಿ: ಹಲ್ಲಿ. ಗುರುತು: ಬೆರಳಿನ ಮೆತ್ತೆ, ಕಾಳು ಚರ್ಮ, ಬಾಲ ಈಗಷ್ಟೇ ಕಳಚಿದೆ. ವಿಷವಿಲ್ಲ. ಹುಡುಗ: ಒಪ್ಪಿಗೆ ಇದೆ. ಎರಡಕ್ಕೂ ಸಂಬಂಧವಿಲ್ಲ.'"

ಮೊದಲು ನಕ್ಕದ್ದು ಶಶಿಧರ್. ಅವನ ನಗು ಕೇಳಿ ಇನ್ನೊಬ್ಬರು, ಮತ್ತೊಬ್ಬರು. ಅಡುಗೆಯವರೂ ನಕ್ಕರು. ನನ್ನ ಕಿವಿ ಕೆಂಡವಾಗಿತ್ತು. ಒಪ್ಪಿಗೆ ಇದೆ ಎಂದು ಊರ ಮುಂದೆ ಹೇಳಿದ ಹೆಣ್ಣು ನಮ್ಮ ಮನೆತನದಲ್ಲಿ ಇನ್ನೊಬ್ಬಳಿಲ್ಲ ಎಂದು ಅವ್ವ ಗೋಡೆಗೆ ಮುಖ ಮಾಡಿಕೊಂಡಳು.

ಅಂಕಮ್ಮನವರು ಮಾತ್ರ ನಗಲಿಲ್ಲ. ಅವರು ಫೋಟೋವನ್ನೇ ನೋಡುತ್ತಿದ್ದರು. ಅಳು ಎಲ್ಲೋ ನಿಂತಿತ್ತು. "ಅಣ್ಣಯ್ಯ" ಎಂದರು, "ನಂಗ್ ಬಿದ್ದಿರದು ಬರೀ ಬಾಲ ಅಲ್ವಾ?"

"ಬಾಲ" ಎಂದರು ಹೊನ್ನಯ್ಯ.

"ಬಾಲ ಬಿದ್ದ ಪಲ ಅಂತ ನಿನ್ ಪಂಚಾಂಗದಲ್ಲಿ ಐತಾ?"

"ಇಲ್ಲ."

"ಅಂಗಾದ್ರೆ ನಂಗೇನೂ ಆಗಕ್ಕಿಲ್ಲ. ಹಲ್ಲಿ ಬಿದ್ದಿರದು ನಿಂಗೆ. ಅದು ನಿನ್ ಮನೆ ಇಚಾರ, ಅತ್ಗೆ ಜೊತೆ ಕೂತು ಮಾತಾಡ್ಕೊ." ಅಂಕಮ್ಮನವರು ಸೆರಗು ಸರಿಮಾಡಿಕೊಂಡು, ಬಾಲವನ್ನು ಎಲೆ ಸಮೇತ ಎತ್ತಿ ಆಚೆ ಇಟ್ಟು, ನನ್ನ ಅವ್ವನ ಕಡೆ ತಿರುಗಿದರು. "ಬೇರೆ ಎಲೆ ತತ್ತಾರವ್ವ ಚಲುವಮ್ಮ. ಒತ್ತಾಯ್ತು."

ತಂಗಿಯೇ ಹೀಗೆ ಕೈಬಿಟ್ಟ ಮೇಲೆ ಹೊನ್ನಯ್ಯ ಒಬ್ಬರೇ ಪಂಚಾಂಗದೊಂದಿಗೆ ಉಳಿದರು. ಗಂಡಸರ ಪಟ್ಟಿ ತೆಗೆದು ಬೆರಳಿಟ್ಟು ಇಳಿದರು. ಅಲ್ಲಿ ಏನು ಬರೆದಿತ್ತೋ ಯಾರಿಗೂ ಓದಿ ಹೇಳಲಿಲ್ಲ. ಆ ಪುಟವನ್ನು ಹಿಂದೆ ಮುಂದೆ ತಿರುವಿದರು. ತಟ್ಟೆ ಬದಲಾಗುತ್ತಿತ್ತು, ಹೆಂಗಸರು ಸೋಬಾನೆ ಶುರುಮಾಡಿದ್ದರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು.

"ತಲೆ ಅಂತ ಬರ್ದದೆ" ಎಂದು ಸೋಬಾನೆಯ ಮೇಲೆ ದನಿ ಎತ್ತರಿಸಿ ಸಾರಿದರು. "ತಲೆ! ರುಮಾಲು ಅಂತ ಬರ್ದಿಲ್ಲ. ಸಾಸ್ತ್ರ ಅಂದ್ರೆ ಕರಾರುವಾಕ್ಕು!"

"ಔದೌದು ಬೀಗ್ರೇ" ಎಂದರು ಅಪ್ಪ, ಕೈಯಲ್ಲಿ ತೆಂಗಿನಕಾಯಿ ಹಿಡಿದು.

ಊಟಕ್ಕೆ ಕೂತಾಗ ಹೊನ್ನಯ್ಯನವರ ತಲೆಯ ಮೇಲೆ ರುಮಾಲು ಇರಲಿಲ್ಲ. ಮಡಚಿ ಚೀಲಕ್ಕೆ ಹಾಕಿದ್ದರು. ಎಲೆಯ ಮುಂದೆ ಕೂರುವ ಮುಂಚೆ ಮೇಲೆ ಹೆಂಚು ನೋಡಿ, ಎರಡೆಲೆ ಆಚೆ ಜರುಗಿ ಕೂತರು. ಬಡಿಸಲು ಬಂದ ನನ್ನನ್ನು ಕಣ್ಸನ್ನೆಯಲ್ಲಿ ಕರೆದರು.

"ಮಗಾ, ಆ ಪಟ ಒಂದ್ನ ಅಳ್ಸಾಕ್ಬುಡವ್ವ. ನಾಕ್ ಜನ ನೋಡುದ್ರೆ ಚಂದಾಗಿರಕ್ಕಿಲ್ಲ."

ನಾನು ಹಪ್ಪಳದ ತಟ್ಟೆ ಹಿಡಿದು ನಿಂತೆ. ಎಲ್ಲರೂ ಕಳಿಸಿದ ಫೋಟೋಗಳ ಜೊತೆ ಶಾಲಿನಿ ಅದನ್ನೂ ಕಳಿಸಿದ್ದಳು. ಆದರೆ ಸಹಾಯವಾಣಿಯ ನಂಬರಿಗಲ್ಲ, ಅವಳೂ ಇರುವ ನಮ್ಮ ವಾಟ್ಸಾಪ್ ಗ್ರೂಪಿಗೇ ಹಾಕಿದ್ದಳು. ಮಂಡ್ಯ, ಮದ್ದೂರು, ಮಳವಳ್ಳಿಯ ಹಾವು ಹಿಡಿಯುವವರು, ಮೇಷ್ಟ್ರುಗಳು, ಯಾರು ಯಾರೋ ಇರುವ ಗ್ರೂಪು. ಗ್ಯಾರೇಜಿನಲ್ಲಿ ಮಕ್ಸೂದಣ್ಣ ಕೈ ತೊಳೆದುಕೊಂಡು ಅದನ್ನು ಆಗಲೇ ಮೇಲೆ ಪಿನ್ ಮಾಡಿಟ್ಟಿದ್ದರು. ಕೆಳಗೆ ಬರೆದಿದ್ದರು: "ಹಲ್ಲಿಯ ಬೆರಳಿನ ಮೆತ್ತೆ ಹೇಗಿರುತ್ತದೆ ಎಂದು ಕೇಳುವವರೆಲ್ಲ ಇದನ್ನು ನೋಡಿ ಕಲಿಯಿರಿ. ಬಿಳಿ ಬಟ್ಟೆ ಕೊಟ್ಟ ಯಜಮಾನರಿಗೆ ಧನ್ಯವಾದ."

"ಅಳ್ಸುದ್ಯಾ?" ಎಂದರು ಹೊನ್ನಯ್ಯ.

"ಮಾವ" ಎಂದೆ. ಅಂದು ಬೀಗರೆದುರು ನಾನು ಬಾಯಿ ಬಿಟ್ಟು ಆಡಿದ ಮೊದಲ ಮಾತು ಅದು. "ಫೋಟೋ ತುಂಬ ಚೆನ್ನಾಗಿ ಬಂದೈತೆ."